ಇಪ್ಪತ್ತೇಳು ನಿಯಮ, ಒಂದು ಬಟ್ಟಲು ಸುಸಲಾ

ದಸರಾ ಮುಗಿದ ವಾರ ಆಹಾರ ತಜ್ಞರಾದ ನಮ್ಮ ಹತ್ತಿರ ತಾಯಿ-ಮಗ ಇಬ್ಬರೂ ಬಂದು ಕೂತರು. ಮಗನಿಗೆ 23, ಕಲಬುರಗಿಯಲ್ಲೇ ಓದು, ಸಂಜೆ ಜಿಮ್. ಹತ್ತು ತಿಂಗಳಲ್ಲಿ 11 ಕಿಲೊ ಇಳಿದಿದ್ದ. ಅವ್ವ ಹೇಳಿದ್ದು ಒಂದೇ ಮಾತು: "ನನ್ನ ಕೈಯಾಗಿಂದು ಉಣ್ಣಲ್ಲ ಅಂತಾನ್ರಿ ಮೇಡಂ. ನಾ ಏನ್ ವಿಷ ಹಾಕ್ತೀನಾ?" ಮಗ ಹೇಳಿದ್ದೂ ಒಂದೇ: "ನಾ ಡಯಟ್ ಮಾಡ್ಲತ್ತಿಲ್ಲ ರೀ, ಕ್ಲೀನ್ ತಿಂತೀನಿ ಅಷ್ಟ."

ಈ ಬರಹದ ಹುಡುಗ ಒಬ್ಬನೇ ಹುಡುಗನಲ್ಲ. ಇಂಥ ತೊಂದರೆ ಇಟ್ಟುಕೊಂಡು ಬರುವ ಹಲವರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದೇವೆ; ಗುರುತು ಸಿಗಬಾರದು, ಕೆಲಸದ ಕ್ರಮ ಮಾತ್ರ ಕಾಣಬೇಕು. 'ಆಹಾರದ ಭಯ ಬಿಡಿಸುವುದು' ಅಂದರೆ ದಿನದಿನಕ್ಕೆ ಏನು ಮಾಡುತ್ತಾರೆ, ಎಲ್ಲಿ ಕೆಡುತ್ತದೆ ಎಂಬುದಷ್ಟೇ ಇಲ್ಲಿದೆ.

ಈ ತೊಂದರೆಗೆ ಆರ್ಥೊರೆಕ್ಸಿಯಾ ಎಂಬ ಹೆಸರು ಕೊಟ್ಟವರು ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್, 1997ರಲ್ಲಿ. 'ಸರಿಯಾದದ್ದನ್ನೇ ತಿನ್ನಬೇಕು' ಎಂಬ ಹಟವೇ ರೋಗವಾಗುವುದು ಎಂದು ಅರ್ಥ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಪಟ್ಟಿಯಲ್ಲಿ ಇದು ಬೇರೆ ರೋಗವೆಂದು ಇನ್ನೂ ಸೇರಿಲ್ಲ. ಅದಕ್ಕೇ ಚೀಟಿಯಲ್ಲಿ ಒಬ್ಬ ವೈದ್ಯರು ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಎಂದು ಬರೆಯಬಹುದು, ಇನ್ನೊಬ್ಬರು ಗೀಳಿನ ರೋಗವಾದ ಒಸಿಡಿ ಎಂದು ಬರೆಯಬಹುದು. ಹೆಸರು ಬೇರೆಯಾಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಮಾಡುವ ಕೆಲಸ ಬಹುತೇಕ ಒಂದೇ.

ಮೊದಲ ದಿನ ನಾವು ತೂಕದ ಮಾತೆತ್ತಲಿಲ್ಲ. ಎತ್ತರಕ್ಕೆ ಹೋಲಿಸಿದರೆ ಅವನ ತೂಕ ಪಟ್ಟಿಯ ಪ್ರಕಾರ 'ಸಹಜ'ದ ಅಂಚಿನಲ್ಲಿತ್ತು. ಜಿಮ್ಮಿನಲ್ಲಿ ಎಲ್ಲರೂ ಭೇಷ್ ಅನ್ನುತ್ತಿದ್ದರು. ಹುಡುಗಿಯರಲ್ಲಾದರೆ ಮುಟ್ಟು ನಿಲ್ಲುತ್ತದೆ, ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಹುಡುಗರಲ್ಲಿ ಅಂಥ ಗಂಟೆ ಬಾರಿಸುವುದಿಲ್ಲ. ಹಾಗಾಗಿ ನಾಡಿ ನೋಡಿದೆವು. ಮಲಗಿಸಿ 5 ನಿಮಿಷ ಬಿಟ್ಟು ಎಣಿಸಿದರೆ 46. ಎದ್ದು ನಿಂತ 2 ನಿಮಿಷಕ್ಕೆ 82.

"ಅದು ಅಥ್ಲೀಟ್ ಹಾರ್ಟ್ ರೀ" ಅಂದ ಹುಡುಗ. ರೀಲ್‌ನಲ್ಲಿ ಕೇಳಿದ್ದ. ಈ ಎರಡನ್ನು ಬಿಡಿಸಿ ನೋಡುವುದು ಬಹಳ ಕಷ್ಟವಲ್ಲ. ಪಳಗಿದ ಓಟಗಾರನ ಹೃದಯ ನಿಧಾನ ಬಡಿಯುವುದು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುವುದರಿಂದ. ಅವನು ಎದ್ದು ನಿಂತರೆ, ನಾಲ್ಕು ಹೆಜ್ಜೆ ನಡೆದರೆ ನಾಡಿ ಸ್ವಲ್ಪವೇ ಏರುತ್ತದೆ. ಉಪವಾಸ ಬಿದ್ದ ದೇಹ ಇಂಧನ ಉಳಿಸಲೆಂದು ಹೃದಯವನ್ನು ನಿಧಾನ ಮಾಡಿರುತ್ತದೆ. ಅಂಥವನು ಬರೀ ಎದ್ದು ನಿಂತರೂ ನಾಡಿ ಜಿಗಿಯುತ್ತದೆ. ಇವನದು 36 ಜಿಗಿದಿತ್ತು. ಅಂಗೈ ತಣ್ಣಗಿತ್ತು. ಕಲಬುರಗಿಯ ಆ ಬಿಸಿಲಿಗೆ ಸ್ವೆಟರ್ ಹಾಕಿಕೊಂಡು ಬಂದಿದ್ದ.

ಅವತ್ತೇ ವೈದ್ಯರ ಹತ್ತಿರ ಕಳಿಸಿ ಇಸಿಜಿ ಮಾಡಿಸಿದೆವು, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫರಸ್, ಮೆಗ್ನೀಸಿಯಂ ನೋಡಿಸಿದೆವು. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ತುಂಬಾ ಉಣಿಸಿದರೆ ಈ ಮೂರು ರಕ್ತದಿಂದ ಜೀವಕೋಶದೊಳಗೆ ನುಗ್ಗಿ, ರಕ್ತದಲ್ಲಿ ಕುಸಿದು, ಹೃದಯದ ಲಯವೇ ತಪ್ಪಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. "ಊಟ ಹಾಕಿದರೆ ಸರಿಹೋಗ್ತಾನೆ" ಎಂದು ಮನೆಯಲ್ಲೇ ಶುರುಮಾಡುವವರಿಗೆ ಇದೊಂದು ಗೊತ್ತಿರಬೇಕು. ಎದ್ದರೆ ಕಣ್ಣು ಕತ್ತಲೆ ಬರುವುದು, ಎಚ್ಚರ ತಪ್ಪಿ ಬೀಳುವುದು, ಎದೆ ಹೊಡೆದುಕೊಳ್ಳುವುದು, ಕಾಲು ಊದುವುದು ಇದ್ದರೆ ಆಹಾರ ತಜ್ಞರಿಗಿಂತ ಮೊದಲು ಆಸ್ಪತ್ರೆ. ಇವನ ವರದಿ ಸರಿ ಬಂತು. ಆದರೂ ಮೊದಲ ಎರಡು ವಾರದಲ್ಲಿ ಮೂರು ಸಲ ರಕ್ತ ನೋಡಿಸಿದರು, ನಾಡಿ ಏರುವವರೆಗೂ ಜಿಮ್ ಬಂದ್ ಮಾಡಿಸಿದರು. ಅವನಿಗೆ ಊಟಕ್ಕಿಂತ ಇದೇ ಕಷ್ಟವಾಯಿತು.

ಎರಡನೇ ಭೇಟಿಯಲ್ಲಿ ನೋಟ್‌ಬುಕ್ ಕೊಟ್ಟು ಬರೆಯಲು ಹೇಳಿದೆವು. ಪುಟವನ್ನು ನಾಲ್ಕು ಪಾಲು ಮಾಡಬೇಕು: ನಿಯಮ ಏನು, ಯಾರಿಂದ ಕೇಳಿದ್ದು, ಮುರಿದರೆ ಏನಾಗುತ್ತದೆ ಎಂದು ನಂಬಿಕೆ, ಮುರಿದ ದಿನ ಏನು ಮಾಡಿದೆ. ಇಪ್ಪತ್ತೇಳು ನಿಯಮ ಬಂದವು. ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ಮೈದಾ ಇಲ್ಲ, ಆಮೇಲೆ ಗೋಧಿಯೂ ಇಲ್ಲ. ಹಾಲು ಇಲ್ಲ. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ 'ಬೀಜದೆಣ್ಣೆ', ಅದಕ್ಕೇ ಇಲ್ಲ. ತೊಗರಿಬೇಳೆಯಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ, ಅದೂ ಇಲ್ಲ. ಸಂಜೆ ಏಳರ ಮೇಲೆ ಏನೂ ಇಲ್ಲ. ಇಪ್ಪತ್ತೇಳನೆಯದು: ಬೇರೆಯವರು ಅಳೆಯದೆ ಮಾಡಿದ್ದು ಯಾವುದೂ ಇಲ್ಲ.

ತೊಗರಿಯ ಕಣಜದಲ್ಲಿ ಕೂತು ತೊಗರಿಬೇಳೆಗೆ ಹೆದರುವುದನ್ನು ಕಂಡು ನಗು ಬರಬಹುದು. ಅವನ ಮುಂದೆ ನಗಬಾರದು. ನಿಯಮ ಸುಳ್ಳೆಂದು ವಾದಕ್ಕೂ ಇಳಿಯಬಾರದು. ಕುಕ್ಕರಿನಲ್ಲಿ ಬೆಂದ ಬೇಳೆಯಲ್ಲಿ ಲೆಕ್ಟಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ ಎಂದು ಹೇಳಿದೆವು, ಅವನು ಒಪ್ಪಿದ, ಆದರೂ ಸಾರು ಮುಟ್ಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ನೂರಕ್ಕೆ ಹತ್ತು ಮೀರಬಾರದೆಂದು, ಅಂದರೆ ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 50 ಗ್ರಾಂ. ಒಂದು ಕಪ್ ಚಹಾದ ಎರಡು ಚಮಚ ಅದರ ಸುಮಾರು ಐದನೇ ಪಾಲಷ್ಟೇ. ಇದಕ್ಕೂ ಹೂಂ ಅಂದ. ಮಾಹಿತಿಯಿಂದ ಹುಟ್ಟಿದ ಭಯ ಅಲ್ಲವಾದ್ದರಿಂದ ಮಾಹಿತಿಯಿಂದ ಹೋಗುವುದಿಲ್ಲ. ಹೆದರಿದ್ದನ್ನು ಬಿಟ್ಟ ಕ್ಷಣ ಎದೆ ಹಗುರಾಗುತ್ತದಲ್ಲ, ಆ ಹಗುರೇ ಭಯವನ್ನು ಸಾಕುತ್ತದೆ.

ಇಲ್ಲಿ ನಾಲ್ಕನೇ ಪಾಲು ಕೆಲಸಕ್ಕೆ ಬರುತ್ತದೆ. ಸೋಮವಾರ ಒಪ್ಪತ್ತು ಮಾಡುವವರು, ಉಳ್ಳಾಗಡ್ಡಿ-ಬೆಳ್ಳುಳ್ಳಿ ತಿನ್ನದವರು, ಹಾಲು ಆಗದವರು, ಸಕ್ಕರೆ ಕಾಯಿಲೆಯವರು ಎಲ್ಲರಿಗೂ ನಿಯಮ ಇರುತ್ತವೆ. ಅವರು ತಪ್ಪಿ ತಿಂದರೆ "ಛೇ" ಅಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಇವನ ನಾಲ್ಕನೇ ಪಾಲಿನಲ್ಲಿ ಇದ್ದದ್ದು ಬೇರೆ: ಅಣ್ಣನ ನಿಶ್ಚಿತಾರ್ಥದಲ್ಲಿ ಅರ್ಧ ಜಿಲೇಬಿ ತಿಂದದ್ದಕ್ಕೆ ಮರುದಿನ ಇಡೀ ನೀರು ಮಾತ್ರ, ರಾತ್ರಿ ಎರಡು ಗಂಟೆಗೆ ಮಾಳಿಗೆಯ ಮೇಲೆ ನಡಿಗೆ. ತಪ್ಪಿಗೆ ದಂಡ ಇದ್ದರೆ, ಆ ದಂಡ ತಪ್ಪಿಗಿಂತ ದೊಡ್ಡದಿದ್ದರೆ, ಅದನ್ನು ನಾವು ಪಥ್ಯ ಎನ್ನುವುದಿಲ್ಲ.

ಮನೆಯವರು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ. ಮೊದಲ ದಿನವೇ ಹೋಳಿಗೆ ತಂದು ಮುಂದಿಡುತ್ತಾರೆ. ನಾವು ಮೊದಲ ನಾಲ್ಕು ವಾರ ಒಂದೂ ನಿಯಮ ಮುರಿಸಲಿಲ್ಲ. ಅವನ ಪಟ್ಟಿಯಲ್ಲಿ ತಿನ್ನಬಹುದು ಎಂದಿದ್ದನ್ನೇ ಹೆಚ್ಚು ಮಾಡಿಸಿದೆವು. ಹಸಿದ ಮಿದುಳು ಪಟ್ಟು ಬಿಡುವುದಿಲ್ಲ. ಇಡೀ ದಿನ ಅಡುಗೆಯ ವಿಡಿಯೊ ನೋಡುವುದು, ತಟ್ಟೆಯಲ್ಲಿ ಇಂಥದ್ದು ಇಂಥ ಕಡೆಯೇ ಇರಬೇಕೆನ್ನುವುದು, ಇವೆಲ್ಲ ಅರೆಹೊಟ್ಟೆಯಿಂದಲೇ ಬರುತ್ತವೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ನೋಡಿದ ಪ್ರಯೋಗದಲ್ಲೂ ಇದೇ ಕಂಡಿತ್ತು. ಅವರಿಗೆ ಆಹಾರದ ಭಯವೇನೂ ಇರಲಿಲ್ಲ, ಆದರೂ ದಿನವಿಡೀ ಊಟದ್ದೇ ಯೋಚನೆ.

ಲೆಕ್ಕ ಹೀಗಿತ್ತು. ದಿನಕ್ಕೆ ಆರು ಸಲ, ಎರಡರ ನಡುವೆ ಮೂರೂವರೆ ತಾಸು ಮೀರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಒಂದು ವಸ್ತು ಏರಿಸುವುದು: ಮೊದಲು ಮಧ್ಯಾಹ್ನ ಒಂದು ಜೋಳದ ರೊಟ್ಟಿ ಎರಡಾಯಿತು, ನಂತರ ಹನ್ನೊಂದು ಗಂಟೆಗೆ ಬಾಳೆಹಣ್ಣು, ಒಂದು ಹಿಡಿ ಬಾದಾಮಿ, ನಂತರ ರಾತ್ರಿ ಒಂದು ಬಟ್ಟಲು ಅನ್ನ, ನಂತರ ಮೊಟ್ಟೆಯ ಬಿಳಿ ಮಾತ್ರ ಇದ್ದದ್ದು ಇಡೀ ಮೊಟ್ಟೆ. ಏಳರ ಮೇಲೆ ತಿನ್ನಲಾರೆ ಅಂದದ್ದಕ್ಕೆ ಆರೂ ಮುಕ್ಕಾಲಿಗೆ ಉಣಿಸಿದೆವು. ಜಗಳ ಮಾಡಲಿಲ್ಲ.

ಇದರ ಜತೆ ಕಡಿಮೆ ಮಾಡಿಸಿದ್ದೂ ಉಂಟು, ಅದಕ್ಕೆ ಅವ್ವ ಬೆರಗಾದರು. ದೊಡ್ಡ ಬೋಗುಣಿ ತುಂಬ ತಿನ್ನುತ್ತಿದ್ದ ಹಸಿ ಸೌತೆಕಾಯಿ, ಗಜ್ಜರಿ, ಮೊಳಕೆ ಕಾಳನ್ನು ಕಾಲು ಭಾಗಕ್ಕೆ ಇಳಿಸಿದೆವು. ಅರೆಹೊಟ್ಟೆಯಲ್ಲಿದ್ದ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ನಾರು ತುಂಬಿದರೆ ಹೊಟ್ಟೆ ಉಬ್ಬರಿಸಿ, ಎರಡು ತುತ್ತಿಗೆ ಸಾಕೆನಿಸುತ್ತದೆ. ಬಹಳ ಜನ ಈ ಉಬ್ಬರವನ್ನೇ ಹಿಡಿದುಕೊಂಡು "ನೋಡ್ರಿ, ನನಗ ಗ್ಲುಟೆನ್ ಆಗಲ್ಲ" ಅನ್ನುತ್ತಾರೆ; ಗ್ಲುಟೆನ್ ಅಂದರೆ ಗೋಧಿಯಲ್ಲಿರುವ ಅಂಟು ಪ್ರೋಟೀನ್. ಪರೀಕ್ಷೆ ಸುಲಭ: ಬರೀ ಅನ್ನ ತಿಂದರೂ ಉಬ್ಬರಿಸುತ್ತದೆಯೇ ನೋಡಿ. ಇವನಿಗೆ ಉಬ್ಬರಿಸಿತು. ಅನ್ನದಲ್ಲಿ ಗ್ಲುಟೆನ್ ಎಲ್ಲಿಂದ ಬರಬೇಕು! ಹೊತ್ತಿಗೆ ಸರಿಯಾಗಿ ಉಂಡರೆ ಕೆಲವು ವಾರಗಳಲ್ಲಿ ಇದು ತಾನೇ ಇಳಿಯುತ್ತದೆ. ಇವನಿಗೆ ಐದನೇ ವಾರದ ಹೊತ್ತಿಗೆ ಇಳಿಯಿತು. ಇಳಿಯದಿದ್ದರೆ, ಅಥವಾ ಭೇದಿ, ರಕ್ತಹೀನತೆ ಇದ್ದರೆ ಮಾತ್ರ, ಗ್ಲುಟೆನ್ ನಿಜಕ್ಕೂ ಆಗದ ಸೀಲಿಯಾಕ್ ರೋಗದ ರಕ್ತ ಪರೀಕ್ಷೆ. ಆ ಪರೀಕ್ಷೆಯನ್ನು ಗೋಧಿ ಬಿಟ್ಟವರಿಗೆ ಮಾಡಿದರೆ ಫಲಿತಾಂಶ ನಂಬುವಂತಿಲ್ಲ, ಮೊದಲು ಕೆಲವು ವಾರ ಗೋಧಿ ತಿಂದಿರಬೇಕು.

ತೂಕವನ್ನು ಬೆನ್ನು ತಿರುಗಿಸಿ ನಿಲ್ಲಿಸಿ ನೋಡುತ್ತಿದ್ದೆವು. ಮೊದಲ ವಾರದಲ್ಲೇ ಒಂದೂವರೆ ಕಿಲೊ ಏರಿತ್ತು. ಅದು ಕೊಬ್ಬಲ್ಲ, ಖಾಲಿಯಾಗಿದ್ದ ಸ್ನಾಯುವಿನೊಳಗೆ ಗ್ಲೈಕೊಜನ್ ಎಂಬ ಇಂಧನ ತುಂಬುವಾಗ ಜತೆಗೆ ಬರುವ ನೀರು. ಕಂಡಿದ್ದರೆ ಅವತ್ತೇ ಓಡಿಹೋಗುತ್ತಿದ್ದ.

ಐದನೇ ವಾರ ನಾಡಿ 58ಕ್ಕೆ ಬಂತು. ಸ್ವೆಟರ್ ಬಿಟ್ಟಿದ್ದ. ಆಗ ಏಣಿ ಬರೆದೆವು. ಹೆದರಿಕೆಯ ಹತ್ತು ಆಹಾರ, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಕೆಳಗಿನ ಮೆಟ್ಟಿಲು ತೊಗರಿಬೇಳೆ ಸಾರು, 4. ಆಮೇಲೆ ಶೇಂಗಾ ಹಿಂಡಿ 5, ಸಕ್ಕರೆ ಹಾಕಿದ ಹಾಲಿನ ಚಹಾ 6, ಅವ್ವ ಮಾಡಿದ ಸುಸಲಾ 7, ಬಂಡಿಯ ಮಿರ್ಚಿ ಭಜಿ 9. ತುದಿಯಲ್ಲಿ ಎಳ್ಳಮಾಸಿಯ ದಿನ ಹೊಲದಲ್ಲಿ ಎಲ್ಲರ ಜತೆ ಕೂತು ಶೇಂಗಾ ಹೋಳಿಗೆ, 10. ಒಂದು ಆಹಾರವನ್ನು ವಾರದಲ್ಲಿ ಕನಿಷ್ಠ ಮೂರು ಸಲ ತಿನ್ನಬೇಕು. ತಿನ್ನುವ ಮುಂಚಿನ ಅಂಕ ಅರ್ಧಕ್ಕೆ ಇಳಿದರೆ ಮಾತ್ರ ಮುಂದಿನ ಮೆಟ್ಟಿಲು. ಒಂದು ಸಲ ಗುಟುಕರಿಸಿ ಗೆದ್ದೆ ಅಂದರೆ ಲೆಕ್ಕಕ್ಕಿಲ್ಲ.

ಸುಸಲಾ ತಿಂದ ದಿನವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು, ಯಾಕೆಂದರೆ ಇಪ್ಪತ್ತೇಳನೇ ನಿಯಮ ಅಲ್ಲಿತ್ತು. ಬೆಳಗಿನ ಎಂಟು ಗಂಟೆ. ಅವ್ವ ಚುರುಮುರಿಯನ್ನು ನೀರಲ್ಲಿ ಅದ್ದಿ, ಹಿಂಡಿ ತೆಗೆದು, ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿಣ ಹಾಕಿ, ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದರು. ಮಗ ಪಡಸಾಲೆಯಲ್ಲಿ ಕೂತಿರಬೇಕು, ಅಡುಗೆಮನೆಗೆ ಬರುವಂತಿಲ್ಲ, ಅವನು ಊಟ ಅಳೆಯುತ್ತಿದ್ದ ತಕ್ಕಡಿ ನಮ್ಮ ಕಪಾಟಿನಲ್ಲಿತ್ತು. ಬಟ್ಟಲು ಬಂತು. ಅಂಕ 8.

"ಅವ್ವ, ಎಣ್ಣಿ ಎಷ್ಟ್ ಹಾಕ್ದಿ?"

ಈ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಮೊದಲೇ ಹೇಳಿಕೊಟ್ಟಿದ್ದೆವು. 'ಸ್ವಲ್ಪೇ ಹಾಕೀನಿ' ಅಂದರೂ ಕೆಡುತ್ತದೆ. ಆಗ ಅವನು ಸುಸಲಾ ಅಲ್ಲ, ಆ ಭರವಸೆ ತಿನ್ನುತ್ತಾನೆ, ನಾಳೆ ಮತ್ತೆ ಭರವಸೆ ಬೇಕಾಗುತ್ತದೆ. ಅವ್ವ ಹೇಳಿದ್ದು: "ಕೈ ಅಳತಿ ಅದ. ಉಣ್ಣು."

ನಾಲ್ಕನೇ ತುತ್ತಿಗೆ ಅಂಕ 9. ಬೆರಳಿಗೆ ಹತ್ತಿದ ಎಣ್ಣೆ ಒರೆಸಲು ಕಾಗದ ಕೇಳಿದ, ಕೊಡಲಿಲ್ಲ. ತುತ್ತನ್ನು ಬಟ್ಟಲಿನ ಅಂಚಿಗೆ ಒತ್ತಿ ಎಣ್ಣೆ ಬಿಡಿಸುವುದು, ಪುಟಾಣಿ ಹಿಟ್ಟು ಕೆಳಗೆ ಉಳಿಸುವುದು, ತುತ್ತಿಗೊಮ್ಮೆ ನೀರು ಕುಡಿಯುವುದು, ಇವು ಭಯ ತಪ್ಪಿಸಿಕೊಳ್ಳುವ ಕಿಂಡಿಗಳು. ಜತೆಗೆ ಕೂತವರು ಒಂದು ಮಾತಿನಲ್ಲಿ ನೆನಪಿಸಬೇಕು, ಬೈಯಬಾರದು. ಇಪ್ಪತ್ತು ನಿಮಿಷಕ್ಕೆ ಬಟ್ಟಲು ಖಾಲಿ. ಆಮೇಲೆ 45 ನಿಮಿಷ ಅಲ್ಲೇ ಕೂತಿರಬೇಕು, ನಡೆಯುವಂತಿಲ್ಲ, ಮೊಬೈಲಿನಲ್ಲಿ 'ಸುಸಲಾ ಕ್ಯಾಲೊರಿ' ಹುಡುಕುವಂತಿಲ್ಲ. ಕೊನೆಗೆ ಅಂಕ 6. ಅಷ್ಟೇ ಇಳಿದದ್ದು. ಮೂರನೇ ಸಲ ತಿನ್ನುವ ಮುಂಚೆ ಅಂಕ 5 ಇತ್ತು, ಐದನೇ ಸಲ 3. ಆ ದಿನ ಉಳ್ಳಾಗಡ್ಡಿ ಕಡಿಮೆ ಆಗ್ಯಾದ ಅಂದನಂತೆ. ರುಚಿಯ ಮೇಲೆ ತಕರಾರು ಬಂದರೆ ನಮಗೆ ಒಳ್ಳೆಯ ಸುದ್ದಿ.

ಕೆಟ್ಟದ್ದು ಎಂಟನೇ ವಾರ, ಮಿರ್ಚಿ ಭಜಿಯಲ್ಲಿ. ಗೆಳೆಯನ ಜತೆ ಸೂಪರ್ ಮಾರ್ಕೆಟ್ ಕಡೆ ಹೋಗಿ ಬಂಡಿಯಲ್ಲಿ ಎರಡು ತಿಂದು ಬಂದು ಬರೆದ: ತಿನ್ನುವ ಮುಂಚೆ 9, ಹತ್ತು ನಿಮಿಷಕ್ಕೆ 3. ಮನೆಯವರು ಖುಷಿಪಟ್ಟರು. ನಮಗೆ ಅನುಮಾನ ಬಂತು. ಒಂಬತ್ತರ ಭಯ ಹತ್ತು ನಿಮಿಷದಲ್ಲಿ ಮೂರಕ್ಕೆ ಇಳಿದರೆ ಅದಕ್ಕೊಂದು ಹಿಂಬಾಗಿಲು ಇರುತ್ತದೆ. ಕೇಳಿದಾಗ ಹೇಳಿದ: ಮಧ್ಯಾಹ್ನದ ಊಟ ಬಿಟ್ಟಿದ್ದ, ಭಜಿಗೆ 'ಜಾಗ ಮಾಡಲು'. ತಿಂದು ಮುಗಿಸುವ ಮೊದಲೇ ರಾತ್ರಿ ಎಷ್ಟು ನಡೆಯಬೇಕೆಂದು ಲೆಕ್ಕ ಹಾಕಿದ್ದ, ಹಾಗೇ ನಡೆದಿದ್ದ. ಲೆಕ್ಕ ಸರಿಹೋದದ್ದಕ್ಕೇ ಭಯ ಇಳಿದದ್ದು. ಹೀಗಾದರೆ ಮನಸ್ಸು ಕಲಿಯುವುದು 'ಭಜಿ ತಿಂದರೆ ಏನೂ ಆಗಲ್ಲ' ಎಂದಲ್ಲ, 'ನಡೆದದ್ದಕ್ಕೆ ಬಚಾವಾದೆ' ಎಂದು. ಭಯ ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡು ಮೆಟ್ಟಿಲು ಹಿಂದಕ್ಕೆ ಇಳಿಸಿದೆವು, ಸಕ್ಕರೆ ಚಹಾಕ್ಕೆ. ನೋಟ್‌ಬುಕ್ಕಿನಲ್ಲಿ ಅಂಕದ ಪಕ್ಕ ಇನ್ನೆರಡು ಸಾಲು ಸೇರಿದವು: ಹಿಂದಿನ ಊಟ ಏನು, ಮುಂದಿನ ಊಟ ಏನು. ಹೆದರಿದ್ದನ್ನು ತಿಂದ ದಿನ ಉಳಿದ ಐದೂ ಹೊತ್ತಿನ ಊಟ ಎಂದಿನಷ್ಟೇ ಇರಬೇಕು. ಹತ್ತನೇ ವಾರ ಮತ್ತೆ ಬಂಡಿಗೆ ಹೋದ, ಈ ಸಲ ಮಧ್ಯಾಹ್ನ ಎರಡು ರೊಟ್ಟಿ ಉಂಡು. ಭಯ 9ರಿಂದ 7ಕ್ಕೆ ಇಳಿಯಲು ಮುಕ್ಕಾಲು ತಾಸು ಹಿಡಿಯಿತು. ಇದು ನಂಬುವಂಥ ಅಂಕ.

ಮೊಬೈಲಿನ ಮಾತು ಬೇಗ ಮುಗಿಸಬಹುದು. ಆ್ಯಪ್ ತೆಗೆದುಹಾಕಿಸಿದರೆ ವಾರದೊಳಗೆ ಮತ್ತೆ ಹಾಕಿಕೊಳ್ಳುತ್ತಾರೆ. ಯಾವ ವಿಡಿಯೊ ಮೇಲೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಆ ವ್ಯವಸ್ಥೆ ಎಣಿಸುತ್ತದೆ; ಸಿಟ್ಟಿನಿಂದ ನೋಡಿದರೂ, ಬೈದು ಕಮೆಂಟ್ ಹಾಕಿದರೂ ಅದಕ್ಕೆ ಆಸಕ್ತಿಯೇ. ಹಾಗಾಗಿ ವಾದ ಬೇಡ, ಕಂಡ ಕೂಡಲೇ Not interested ಒತ್ತಿ ಮುಂದೆ ಸರಿಸುವುದು, ಉಳಿಸಿಟ್ಟ ರೀಲ್‌ಗಳನ್ನು ಅಳಿಸುವುದು. ಅವನು ಉಳಿಸಿಟ್ಟಿದ್ದರಲ್ಲಿ ಒಂದೇ ಕೋಚ್ ಬೆಳಗ್ಗೆ ಎಣ್ಣೆ ವಿಷ ಎಂದು, ಸಂಜೆ ತನ್ನ ಹೆಸರಿನ ಪುಡಿ ಮಾರುತ್ತಿದ್ದ ವಿಡಿಯೊಗಳೂ ಇದ್ದವು. ಅದನ್ನು ಎತ್ತಿ ತೋರಿಸಿದ್ದು ನಾವಲ್ಲ, ಅವನೇ.

ಎಳ್ಳಮಾಸಿಗೆ ಹೊಲಕ್ಕೆ ಹೋದ. ಚರಗ ಚೆಲ್ಲಿ ಬಂದು ಎಲ್ಲರೂ ಸಜ್ಜೆ ರೊಟ್ಟಿ, ಭಜ್ಜಿ ಹಾಕಿಸಿಕೊಂಡು ಕೂತರು. ಶೇಂಗಾ ಹೋಳಿಗೆ ಅರ್ಧ ತಿಂದು ಅರ್ಧ ಬಿಟ್ಟ. ಪಟ್ಟಿಯಲ್ಲಿ ಇದ್ದದ್ದು ಒಂದು ಪೂರ್ತಿ. ಅದನ್ನು ಅರ್ಧ ಎಂದೇ ಬರೆದ, ನಾವೂ ಅರ್ಧ ಎಂದೇ ಇಟ್ಟುಕೊಂಡೆವು. ಮುಂದಿನ ವಾರ ಮನೆಯಲ್ಲಿ ಉಳಿದಿದ್ದ ಹೋಳಿಗೆಗಳಿಂದ ಅದೇ ಮೆಟ್ಟಿಲು ಮತ್ತೆ ಮೂರು ಸಲ ಹತ್ತಿಸಿದೆವು.

ಐದನೇ ತಿಂಗಳಿಗೆ ಇಪ್ಪತ್ತೇಳರಲ್ಲಿ ನಾಲ್ಕು ನಿಯಮ ಉಳಿದಿವೆ. ಬಾಟಲಿಯ ತಂಪು ಪಾನೀಯ ಕುಡಿಯುವುದಿಲ್ಲ ಎಂಬುದು ಒಂದು. ಕೊಟ್ಟರೆ ಬೇಡ ಅಂತಾನೆ, ಗಾಬರಿಯಾಗುವುದಿಲ್ಲ, ಅದನ್ನು ನಾವು ಮುಟ್ಟಿಲ್ಲ. ಉಳಿದ ಮೂರರಲ್ಲಿ ಏಳು ಗಂಟೆಯ ನಿಯಮ ಗಟ್ಟಿ ಇದೆ, ಈಗ ಎಂಟೂವರೆಗೆ ಬಂದಿದೆ. ಜಿಮ್ ವಾರಕ್ಕೆ ಮೂರು ದಿನ, ಊಟ ತಪ್ಪಿದ ದಿನ ರಜೆ. ತಕ್ಕಡಿ ವಾಪಸ್ ಕೇಳಿಲ್ಲ.

ಬೇಸಿಗೆ ಬರುವ ಮುಂಚೆ ಜಿಮ್ಮುಗಳಲ್ಲಿ ಊಟ ಕಡಿಮೆ ಮಾಡಿ ಕೊಬ್ಬು ಇಳಿಸುವ 'ಕಟಿಂಗ್' ಮಾತು ಶುರುವಾಗುತ್ತದೆ, ತಿರುಗಿ ಬೀಳುವವರು ಹೆಚ್ಚಾಗಿ ಆಗಲೇ. ಅವ್ವನಿಗೆ ಮೂರು ಗುರುತು ಬರೆದುಕೊಟ್ಟಿದ್ದೇವೆ: ಅಡುಗೆಮನೆಗೆ ಬಂದು ನಿಂತು ನೋಡುವುದು, 'ಕಾಲೇಜಿನಾಗ ಉಂಡ್ ಬಂದೀನಿ' ಎಂಬ ಮಾತು ವಾರದಲ್ಲಿ ಎರಡು ಸಲ ಮೀರುವುದು, ಬಿಸಿಲಲ್ಲಿ ಸ್ವೆಟರ್. ಎರಡು ಕಂಡರೆ ಫೋನ್ ಮಾಡಬೇಕು. ನಾವು ಸಿಗದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಚೀಟಿಯನ್ನು ಅವರು ಎಣ್ಣೆ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಮಗನಿಗೂ ಕಾಣುತ್ತದೆ, ಕಾಣಲಿ ಎಂದೇ.